ವ್ರಣಸಹಿತ ಅಸ್ಥಿಭಂಗದ ವರ್ಗನಿರ್ಣಯ
ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯನ್ನು ಕುರಿತು ಒಂದು ವಿವೇಚನೆ

೧

ಮುರಿದ ಎಲುಬಿಗೆ ಲಕ್ಷಣಾನುಸಾರವಾಗಿ ಹೆಸರಿಡುವ ಪದ್ಧತಿಯು ಭರತಖಂಡದಲ್ಲಿ ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯ ನಿದಾನಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಕಾಂಡಭಗ್ನವು ಹನ್ನೆರಡು ಬಗೆಯಾಗಿ ವಿಂಗಡಿಸಲ್ಪಟ್ಟಿದೆ. ಎಲುಬು ನಡುವೆ ಮುರಿದು ಗಂಟಿನಂತೆ ಉಬ್ಬಿದರೆ ಅದು ಕರ್ಕಟಕ, ಕುದುರೆಯ ಕಿವಿಯಂತೆ ಮೇಲೆದ್ದು ನಿಂತರೆ ಅಶ್ವಕರ್ಣ, ಪುಡಿಯಾದರೆ ಚೂರ್ಣಿತ, ಜಜ್ಜಿ ಚಪ್ಪಟೆಯಾದರೆ ಪಿಚ್ಚಿತ. ಈ ಹೆಸರುಗಳೆಲ್ಲವೂ ಎಲುಬಿನ ಆಕಾರವನ್ನು ನೋಡಿ ಇಟ್ಟವು. ಭಗ್ನದೊಡನೆ ವ್ರಣವೂ ಇದ್ದರೆ ಮಾಡತಕ್ಕ ಉಪಚಾರವನ್ನು ಅದೇ ಗ್ರಂಥದ ಚಿಕಿತ್ಸಾಸ್ಥಾನವು ಬೇರೆಯಾಗಿ ಹೇಳುತ್ತದೆ: ಮೊದಲು ತುಪ್ಪ, ಜೇನು, ಕಷಾಯಗಳಿಂದ ವ್ರಣವನ್ನು ನೋಡಿಕೊಂಡು, ಉಳಿದುದನ್ನು ಭಗ್ನದಂತೆ ನಡೆಸಬೇಕು. ಎಂದರೆ, ಚರ್ಮ ಹರಿದ ಭಗ್ನವು ಚರ್ಮ ಹರಿಯದ ಭಗ್ನಕ್ಕಿಂತ ಭಿನ್ನವಾದ ವಸ್ತುವೆಂಬ ತಿಳಿವಳಿಕೆಯು ಆ ಕಾಲಕ್ಕೇ ಇದ್ದಿತು.

ಇಂದಿನ ಶಸ್ತ್ರವೈದ್ಯವು ಈ ಭೇದವನ್ನೇ ಹಿಡಿದು ಮುಂದೆ ಸಾಗಿದೆ. ಮುರಿದ ಎಲುಬಿಗೂ ಹೊರಗಿನ ಗಾಳಿ ಮಣ್ಣುಗಳಿಗೂ ಗಾಯದ ಮೂಲಕ ಸಂಪರ್ಕವುಂಟಾದಲ್ಲಿ ಅದನ್ನು ತೆರೆದ ಅಸ್ಥಿಭಂಗವೆನ್ನುವರು. ಇದರ ವರ್ಗವನ್ನು ನಿರ್ಣಯಿಸುವಾಗ ಎಲುಬಿನ ಆಕಾರಕ್ಕಿಂತ ಅದರ ಸುತ್ತಣ ಮಾಂಸ, ಚರ್ಮ, ರಕ್ತನಾಳಗಳ ಸ್ಥಿತಿಗೂ ಒಳಹೊಕ್ಕ ಹೊಲಸಿಗೂ ಹೆಚ್ಚಿನ ಬೆಲೆ ಕೊಡಲಾಗುತ್ತದೆ. ಕಾರಣವು ಸ್ಪಷ್ಟವಾಗಿಯೇ ಇದೆ. ಎಲುಬು ಎಷ್ಟು ತುಂಡಾಗಿದ್ದರೂ ಸುತ್ತಣ ಮಾಂಸವು ಜೀವಂತವಾಗಿದ್ದರೆ ಕೂಡಿಕೊಳ್ಳುವ ಸಂಭವವುಂಟು. ಮಾಂಸವು ಸತ್ತು, ಮಣ್ಣು ಉಳಿದು, ಕೀವು ಹಿಡಿಯಿತೆಂದರೆ ಒಂದೇ ಗೆರೆಯಷ್ಟು ಮುರಿದ ಎಲುಬೂ ವರ್ಷಗಟ್ಟಲೆ ಕೂಡುವುದಿಲ್ಲ. ಆದರೆ ಈ ವರ್ಗಗಳನ್ನು ಬಳಸುವಲ್ಲಿ ಒಂದು ಎಡವು ಮೇಲಿಂದ ಮೇಲೆ ಸಂಭವಿಸುತ್ತದೆ. ಗಾಯದ ಬಾಯಿ ಚಿಕ್ಕದಾಗಿದ್ದರೆ ಭಗ್ನವೂ ಸೌಮ್ಯವಾದುದೆಂದು ಭಾವಿಸುವುದೇ ಆ ಎಡವು. ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಇದರ ಪರಿಣಾಮವು ವಿಶೇಷವಾಗಿ ಕಠಿನವಾಗುವುದರಿಂದ, ಆ ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

೨

ಚಿಕ್ಕೋಡಿ, ರಾಯಬಾಗ, ಅಥಣಿ ಎಂಬ ಹಳೆಯ ತಾಲೂಕುಗಳೂ, ಅವುಗಳಿಂದ ಈಚೆಗೆ ಬೇರೆಯಾದ ನಿಪ್ಪಾಣಿ ಮತ್ತು ಕಾಗವಾಡಗಳೂ ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ನಾಡು. ನಿಪ್ಪಾಣಿಯು ತಂಬಾಕಿಗೆ ಹೆಸರಾದುದು; ಉಳಿದ ಭಾಗದಲ್ಲಿ ಕಬ್ಬೇ ಮುಖ್ಯ ಬೆಳೆ. ಉಗಾರ ಖುರ್ದ, ಚಿಕ್ಕೋಡಿ, ನಿಪ್ಪಾಣಿ ಮೊದಲಾದ ಕಡೆಗಳಲ್ಲಿರುವ ಸಕ್ಕರೆಯ ಕಾರಖಾನೆಗಳಿಗೆ ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯ ಆರಂಭದವರೆಗೆ ಹಗಲೂ ರಾತ್ರಿಯೂ ಕಬ್ಬು ಸಾಗುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡೆರಡು ಡಬ್ಬಿಗಳನ್ನು ಕಟ್ಟಿ, ಹೊಲದ ರಾಡಿಯಿಂದ ಕಾಲುವೆಯ ಏರಿಗೂ, ಅಲ್ಲಿಂದ ಡಾಂಬರು ರಸ್ತೆಗೂ ಹತ್ತಿಸುವರು. ಏರಿಯ ಮೇಲೆ ಡಬ್ಬಿ ಜಾರುವುದು, ಹೇರು ಬಿಗಿಯುವವನ ಕಾಲ ಮೇಲೆ ಗಾಲಿ ಹಾಯುವುದು, ಹಿಂಬದಿಯ ದೀಪವಿಲ್ಲದ ಡಬ್ಬಿಗೆ ಬೈಸಿಕಲ್ಲು ಮೋಟರ್‌ಸೈಕಲ್ಲುಗಳು ಬಡಿಯುವುದು ಇವೆಲ್ಲವೂ ಈ ಹಂಗಾಮಿನ ಅಪಘಾತಗಳು. ನಿಪ್ಪಾಣಿಯ ಮೂಲಕ ಹಾಯುವ ಪುಣೆ-ಬೆಂಗಳೂರು ಹೆದ್ದಾರಿಯ ವೇಗದ ಪೆಟ್ಟುಗಳು ಇವುಗಳ ಜೊತೆಗೆ ಸೇರುವುವು.

ಇಂಥ ಪೆಟ್ಟಿನಲ್ಲಿ ಮುರಿಯುವ ಎಲುಬು ಬಹುಮಟ್ಟಿಗೆ ಮೊಣಕಾಲ ಕೆಳಗಣ ಜಂಘಾಸ್ಥಿಯೇ ಆಗಿರುತ್ತದೆ. ಅದರ ಒಳಮಗ್ಗುಲನ್ನು ಮುಟ್ಟಿನೋಡಿದರೆ ಎಲುಬಿಗೂ ಬೆರಳಿಗೂ ನಡುವೆ ಚರ್ಮದ ಹೊರತು ಬೇರೇನೂ ಇಲ್ಲವೆಂಬುದು ಯಾರಿಗೂ ತಿಳಿಯುವುದು. ಆ ಚರ್ಮ ಹರಿದೊಡನೆ ಎರೆಮಣ್ಣು, ಸಗಣಿಗೊಬ್ಬರ, ಕೊಳೆತ ರವದಿ ಇವು ನೇರವಾಗಿ ಎಲುಬಿನೊಳಕ್ಕೆ ಸೇರುವುವು. ಗೊಬ್ಬರ ಬಿದ್ದ ಮಣ್ಣಿನಲ್ಲಿ ಗಾಳಿಯಿಲ್ಲದೆಡೆ ಬೆಳೆಯುವ ಕ್ಲಾಸ್ಟ್ರಿಡಿಯಮ್ ಜಾತಿಯ ಸೂಕ್ಷ್ಮಜೀವಿಗಳು ವಾಸಿಸುವುವು. ಧನುರ್ವಾಯುವೂ ಗ್ಯಾಸ್ ಗ್ಯಾಂಗ್ರೀನ್ ಎಂಬ ಮಾಂಸಕೊಳೆಯೂ ಇವುಗಳಿಂದಲೇ ಹುಟ್ಟುವುವು. ಇನ್ನು ದೂರದ ಮಾತು. ತಾಲೂಕು ದವಾಖಾನೆಯಲ್ಲಿ ಎಲುಬಿನ ವೈದ್ಯರು ದೊರೆತರೂ, ಮಾಂಸವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊದಿಸುವ ಪ್ಲಾಸ್ಟಿಕ್ ಶಸ್ತ್ರವೈದ್ಯರಿಗಾಗಿ ಬೆಳಗಾವಿಗೋ, ಗಡಿಯಾಚೆಯ ಮಿರಜ ಕೊಲ್ಹಾಪುರಗಳಿಗೋ ಹೋಗಬೇಕಾಗುವುದು ಸಾಮಾನ್ಯ. ಕಾಗವಾಡಕ್ಕೆ ಮಿರಜ ಕೂಗಳತೆಯಷ್ಟು ಸಮೀಪ. ಅಥಣಿಯಿಂದ ಬೆಳಗಾವಿಯಾದರೋ ನೂರು ಕಿಲೋಮೀಟರನ್ನು ಮೀರಿದ ದಾರಿ. ಈ ದಾರಿಯ ಹೊತ್ತಿನಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದರ ಮೇಲೆ ಕಾಲಿನ ಅಳಿವು ಉಳಿವು ಬಹಳಮಟ್ಟಿಗೆ ನಿಂತಿದೆ.

೩

ಈಗ ಎಲ್ಲೆಡೆ ರೂಢಿಯಲ್ಲಿರುವ ವರ್ಗೀಕರಣವನ್ನು ಅಮೆರಿಕೆಯ ಮಿನೆಸೋಟದ ರಾಮೋನ್ ಗುಸ್ಟಿಲೋ ಮತ್ತು ಜಾನ್ ಆಂಡರ್ಸನ್ ಎಂಬ ವೈದ್ಯರು ೧೯೭೬ರಲ್ಲಿ ಪ್ರಕಟಿಸಿದರು. ೧೦೨೫ ತೆರೆದ ಭಂಗಗಳನ್ನು ಪರಿಶೀಲಿಸಿ ಅವರು ಮೂರು ವರ್ಗಗಳನ್ನು ಏರ್ಪಡಿಸಿದರು. ಗಾಯವು ಒಂದು ಸೆಂಟಿಮೀಟರಿಗಿಂತ ಕಡಿಮೆಯಿದ್ದು ಸ್ವಚ್ಛವಾಗಿದ್ದರೆ ಅದು ಒಂದನೆಯ ವರ್ಗ. ಒಂದು ಸೆಂಟಿಮೀಟರಿಗಿಂತ ಹೆಚ್ಚಿದ್ದು, ಮಾಂಸದ ನಾಶವು ವಿಶೇಷವಾಗಿಲ್ಲದಿದ್ದರೆ ಎರಡನೆಯದು. ಮಾಂಸಚರ್ಮಗಳು ವಿಸ್ತಾರವಾಗಿ ನಾಶವಾಗಿದ್ದರೆ ಮೂರನೆಯದು. ಹೊಲದಲ್ಲಿ ಆದ ಗಾಯ, ಗುಂಡಿನ ಗಾಯ, ರಕ್ತನಾಳ ಕಡಿದ ಗಾಯ ಇವನ್ನು ಅಳತೆಯ ಮಾತಿಲ್ಲದೆ ಮೂರನೆಯ ವರ್ಗಕ್ಕೆ ಸೇರಿಸತಕ್ಕದ್ದೆಂಬ ಸೂತ್ರವು ಅವರ ಮೂಲಲೇಖನದಲ್ಲಿಯೇ ಉಂಟು. ಕಬ್ಬಿನ ಸೀಮೆಗೆ ಮುಖ್ಯವಾದುದು ಈ ಸೂತ್ರವೇ. ಆದರೆ ಪಾಠಪುಸ್ತಕದ ಸಂಕ್ಷೇಪಗಳಲ್ಲಿ ಸೆಂಟಿಮೀಟರುಗಳು ಉಳಿದು, ಹೊಲದ ಮಾತು ಬಿಟ್ಟುಹೋಗುವುದುಂಟು.

ಮೂರನೆಯ ವರ್ಗವೆಂಬುದು ತೀರ ವಿಶಾಲವಾಯಿತೆಂದು ಕಂಡು, ೧೯೮೪ರಲ್ಲಿ ಗುಸ್ಟಿಲೋ ಅವರು ಮೆಂಡೋಜಾ, ವಿಲಿಯಮ್ಸ್ ಎಂಬವರೊಡನೆ ಅದನ್ನು ಮತ್ತೆ ಮೂರಾಗಿ ಒಡೆದರು. ಮಾಂಸವು ಬಹಳ ಹರಿದಿದ್ದರೂ ಎಲುಬನ್ನು ಮುಚ್ಚಲು ಸಾಕಷ್ಟು ಉಳಿದಿದ್ದರೆ ಅದು ಮೂರು-ಎ. ಎಲುಬಿನ ಮೇಲಣ ಪೊರೆ ಸುಲಿದುಹೋಗಿ, ಎಲುಬು ಬಯಲಾಗಿ, ಹೊಲಸು ಬಹಳವಾಗಿ ಸೇರಿದ್ದರೆ ಮೂರು-ಬಿ. ಕಾಲು ಉಳಿಯಬೇಕಾದರೆ ಹೊಲಿದು ಸರಿಪಡಿಸಲೇಬೇಕಾದ ಧಮನಿಯ ಗಾಯವಿದ್ದರೆ ಮೂರು-ಸಿ. ಆ ೧೯೮೪ರ ಲೇಖನದಲ್ಲಿ ಮೂರನೆಯ ವರ್ಗದ ೮೭ ಭಂಗಗಳ ಲೆಕ್ಕವಿದೆ. ಮೂರು-ಎ ಗುಂಪಿನಲ್ಲಿ ನೂರಕ್ಕೆ ೪ ಮಾತ್ರ ಕೀವಿಗೆ ತಿರುಗಿದರೆ, ಮೂರು-ಬಿ ಗುಂಪಿನಲ್ಲಿ ನೂರಕ್ಕೆ ೫೨ ತಿರುಗಿದುವು. ಒಂದೇ ಅಕ್ಷರದ ಭೇದಕ್ಕೆ ಇಷ್ಟು ಅಂತರ! ಎಲುಬಿನ ಪೊರೆಯು ಎಲುಬಿಗೆ ರಕ್ತವನ್ನು ಕೊಡುವ ವಸ್ತ್ರದಂಥದು. ಅದು ಸುಲಿದುಹೋದ ಎಲುಬು ತನ್ನ ಸುತ್ತಲೂ ಜೀವಂತ ಮಾಂಸವನ್ನು ಮತ್ತೆ ಪಡೆಯುವವರೆಗೆ ಹೆಚ್ಚು ಕಡಿಮೆ ನಿರ್ಜೀವವಾಗಿಯೇ ಇರುತ್ತದೆ. ನಿರ್ಜೀವ ವಸ್ತುವಿಗೆ ಅಂಟಿದ ಸೂಕ್ಷ್ಮಜೀವಿಯನ್ನು ರಕ್ತದ ಮೂಲಕ ಹೋಗುವ ಔಷಧವು ಮುಟ್ಟಲಾರದು.

ಹಾಗಾದರೆ ವರ್ಗವನ್ನು ಯಾವಾಗ ನಿಶ್ಚಯಿಸಬೇಕು? ಪೆಟ್ಟು ಬಿದ್ದವನು ದವಾಖಾನೆಯ ಬಾಗಿಲಿಗೆ ಬಂದಾಗ ಕಾಣುವುದು ಚರ್ಮದ ರಂಧ್ರವೊಂದೇ. ಸುಲಿದ ಪೊರೆಯಾಗಲಿ, ಸತ್ತ ಮಾಂಸವಾಗಲಿ, ಸ್ನಾಯುಗಳ ಸಂದಿನಲ್ಲಿ ಸೇರಿದ ಮಣ್ಣಾಗಲಿ ಆಗ ಕಾಣುವುದಿಲ್ಲ. ಅವು ಕಾಣುವುದು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಗಾಯವನ್ನು ಹಿಗ್ಗಿಸಿ ಶುದ್ಧಿಮಾಡಿದ ಬಳಿಕ. ಆದ್ದರಿಂದ ಅಂತಿಮ ವರ್ಗವನ್ನು ಶುದ್ಧಿಕ್ರಿಯೆಯ ಕೊನೆಯಲ್ಲಿ ಬರೆಯತಕ್ಕದ್ದು. ಬಾಗಿಲಲ್ಲಿ ಬರೆದುದು ತಾತ್ಕಾಲಿಕ ಊಹೆಯೇ ಸರಿ. ಹೀಗಿದ್ದರೂ ಓದುಗರ ನಡುವೆ ಪಾಠಭೇದ ತಪ್ಪದು. ೧೯೯೪ರಲ್ಲಿ ಬ್ರಂಬ್ಯಾಕ್ ಮತ್ತು ಜೋನ್ಸ್ ಎಂಬವರು ಹನ್ನೆರಡು ಗಾಯಗಳ ಚಲಚ್ಚಿತ್ರಗಳನ್ನು ೨೪೫ ಮಂದಿ ಎಲುಬಿನ ವೈದ್ಯರಿಗೆ ತೋರಿಸಿ ವರ್ಗವನ್ನು ಕೇಳಿದಾಗ, ಸರಾಸರಿ ನೂರಕ್ಕೆ ೬೦ರಷ್ಟು ಮಾತ್ರ ಒಮ್ಮತವು ದೊರೆಯಿತು. ಒಂದೇ ಹಸ್ತಪ್ರತಿಯನ್ನು ಹಲವರು ಹಲವು ರೀತಿ ಓದಿದಂತೆ ಇದೂ ಆಯಿತು. ಈ ಅನಿಶ್ಚಯವಿರುವುದರಿಂದಲೇ ಬಾಗಿಲಲ್ಲಿ ಸಂದೇಹ ಬಂದಲ್ಲಿ ಮೇಲಿನ ವರ್ಗವನ್ನೇ ಹಿಡಿದು ನಡೆಯುವುದು ಕ್ಷೇಮ. ಕೆಳಗಿನ ವರ್ಗವನ್ನು ಹಿಡಿದು ತಪ್ಪಿದರೆ ಕಳೆದ ಹೊತ್ತು ಮರಳಿ ಬಾರದು.

೪

ಹೊತ್ತಿನ ಪ್ರಶ್ನೆಯಲ್ಲಿ ಮೊದಲು ಬರುವುದು ಸೂಕ್ಷ್ಮಜೀವಿನಾಶಕವಾದ ಆಂಟಿಬಯಾಟಿಕ್ ಔಷಧ. ಇದರ ಪೂರ್ವಚರಿತ್ರೆಯು ಒಂದು ಬಂಡಿಯ ಗಾಲಿಯಿಂದಲೇ ಆರಂಭವಾಗುತ್ತದೆ. ೧೮೬೫ರ ಆಗಸ್ಟಿನಲ್ಲಿ ಗ್ಲಾಸ್ಗೋ ನಗರದಲ್ಲಿ ಜೇಮ್ಸ್ ಗ್ರೀನ್‌ಲೀಸ್ ಎಂಬ ಹನ್ನೊಂದು ವರ್ಷದ ಹುಡುಗನ ಎಡಗಾಲ ಮೇಲೆ ಬಂಡಿಯ ಗಾಲಿ ಹಾಯ್ದು ಜಂಘಾಸ್ಥಿಯು ಗಾಯಸಹಿತವಾಗಿ ಮುರಿಯಿತು. ಆ ಕಾಲದಲ್ಲಿ ಇಂಥ ಕಾಲನ್ನು ಕತ್ತರಿಸುವುದು ಸಾಮಾನ್ಯವಾಗಿದ್ದಿತು. ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯಕ್ಕೆ ಹಾಕಿದನು. ಆರು ವಾರಗಳಲ್ಲಿ ಎಲುಬು ಕೀವಿಲ್ಲದೆ ಕೂಡಿಕೊಂಡಿತು. ಅಂಥ ಹನ್ನೊಂದು ರೋಗಿಗಳ ವೃತ್ತಾಂತವನ್ನು ಆತನು ೧೮೬೭ರಲ್ಲಿ ಪ್ರಕಟಿಸಿದನು. ಗಾಯದ ಕೀವು ಹೊರಗಿನಿಂದ ಬರುವ ಜೀವಿಗಳ ಕೆಲಸವೆಂಬುದು ಅಲ್ಲಿಂದ ಮುಂದೆ ಸಾಧಿತವಾಗುತ್ತ ಬಂದಿತು.

ಒಳಗೆ ಕೊಡುವ ಔಷಧದ ಪ್ರಯೋಜನವನ್ನು ತೂಗಿ ನೋಡಿದ ಪ್ರಯೋಗವು ೧೯೭೪ರದು. ಮೈಕೆಲ್ ಪಟ್ಜಾಕಿಸ್ ಮತ್ತು ಸಂಗಡಿಗರು ತೆರೆದ ಭಂಗದ ರೋಗಿಗಳನ್ನು ಮೂರು ಗುಂಪಾಗಿ ಮಾಡಿದರು. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ ೧೩.೯ ಗಾಯಗಳು ಕೀವಿಗೆ ತಿರುಗಿದುವು. ಪೆನಿಸಿಲಿನ್ ಮತ್ತು ಸ್ಟ್ರೆಪ್ಟೋಮೈಸಿನ್ ಪಡೆದವರಲ್ಲಿ ೯.೭, ಸೆಫಲೋಥಿನ್ ಪಡೆದವರಲ್ಲಿ ೨.೩. ಅಲ್ಲಿಂದೀಚೆಗೆ ಸೆಫಲೋಥಿನ್ನಿನ ಕುಲಕ್ಕೆ ಸೇರಿದ ಔಷಧಗಳೇ ಈ ಕೆಲಸಕ್ಕೆ ಮೊದಲ ಆಯ್ಕೆಯಾಗಿವೆ. ಇಂದು ಬಳಕೆಯಲ್ಲಿರುವುದು ಸೆಫಜೋಲಿನ್. ವಯಸ್ಕನಿಗೆ ೨ ಗ್ರಾಂ, ರಕ್ತನಾಳದ ಮೂಲಕ, ಎಂಟು ಗಂಟೆಗೊಮ್ಮೆ. ಮೂರನೆಯ ವರ್ಗವೆಂದು ತೋರಿದರೆ ಇದರೊಡನೆ ಜೆಂಟಮೈಸಿನ್‌ನಂಥ ಇನ್ನೊಂದನ್ನು ಕೂಡಿಸುವರು. ಗೊಬ್ಬರದ ಮಣ್ಣು ಸೇರಿದ್ದರೆ ಕ್ಲಾಸ್ಟ್ರಿಡಿಯಮ್ಮಿಗಾಗಿ ಪೆನಿಸಿಲಿನ್ನನ್ನೂ ಕೊಡುವ ರೂಢಿಯು ಅನೇಕ ಕಡೆ ಉಂಟು. ಧನುರ್ವಾಯುವಿನ ಚುಚ್ಚುಮದ್ದು ಪ್ರತ್ಯೇಕ. ಹಿಂದೆ ಪೂರ್ತಿಯಾಗಿ ಹಾಕಿಸಿಕೊಳ್ಳದವನಿಗೆ ಅದರೊಡನೆ ಸಿದ್ಧವಾದ ಪ್ರತಿವಿಷವೂ ಬೇಕು.

ಆದರೆ ಯಾವ ಔಷಧ ಎಂಬುದಕ್ಕಿಂತ ಎಷ್ಟು ಬೇಗ ಎಂಬುದೇ ಈಚಿನ ವಿಚಾರ. ೨೦೧೫ರಲ್ಲಿ ವಿಲಿಯಂ ಲ್ಯಾಕ್ ಮತ್ತು ಸಂಗಡಿಗರು ಮೂರನೆಯ ವರ್ಗದ ೧೩೭ ಜಂಘಾಸ್ಥಿ ಭಂಗಗಳ ದಾಖಲೆಯನ್ನು ಪರಿಶೀಲಿಸಿದರು. ಪೆಟ್ಟಿನಿಂದ ೬೬ ನಿಮಿಷಗಳೊಳಗೆ ಔಷಧವೂ, ಐದು ದಿನಗಳೊಳಗೆ ಮಾಂಸದ ಹೊದಿಕೆಯೂ ದೊರೆತ ೩೬ ಮಂದಿಯಲ್ಲಿ ಒಬ್ಬನಿಗೆ ಮಾತ್ರ ಆಳವಾದ ಕೀವಾಯಿತು. ಎರಡರಲ್ಲೊಂದು ತಡವಾದ ೫೯ ಮಂದಿಯಲ್ಲಿ ಆರು ಜನರಿಗೆ ಆಯಿತು. ಎರಡೂ ತಡವಾದ ೪೨ ಮಂದಿಯಲ್ಲಿ ಹದಿನೇಳು ಜನರಿಗೆ, ಎಂದರೆ ನೂರಕ್ಕೆ ೪೦ಕ್ಕೂ ಹೆಚ್ಚು. ಇದು ದಾಖಲೆಗಳ ಪರಿಶೀಲನೆಯೇ ಹೊರತು ಚೀಟಿ ಎತ್ತಿ ಹಂಚಿ ನಡೆಸಿದ ಪ್ರಯೋಗವಲ್ಲ. ತಡವಾಗಿ ಬಂದವರ ಗಾಯಗಳು ಬೇರೆ ಕಾರಣಗಳಿಂದಲೂ ಕೆಟ್ಟಿರಬಹುದು. ಆದುದರಿಂದ ೬೬ ಎಂಬ ಅಂಕೆಯನ್ನು ಗಡಿಕಲ್ಲಿನಂತೆ ಭಾವಿಸಲಾಗದು. ಪೆಟ್ಟಿನಿಂದ ಒಂದು ಗಂಟೆಯೊಳಗೆ ಮೊದಲ ಪ್ರಮಾಣವನ್ನು ಕೊಡಬೇಕೆಂಬ ಈಗಿನ ನಿಯಮಕ್ಕೆ ಇದು ಬೆಂಬಲವಾಗಿದೆ ಎಂದಷ್ಟೇ ತಿಳಿಯತಕ್ಕದ್ದು. ರಾಯಬಾಗದಿಂದಲೋ ಅಥಣಿಯಿಂದಲೋ ಹೊರಟವನು ಒಂದು ಗಂಟೆಯಲ್ಲಿ ಬೆಳಗಾವಿಯನ್ನು ಸೇರಲಾರನು. ಆದಕಾರಣ ಆ ಮೊದಲ ಪ್ರಮಾಣವು ತಾಲೂಕು ದವಾಖಾನೆಯಲ್ಲಿಯೇ, ವಾಹನ ಏರುವ ಮೊದಲೇ ಆಗಬೇಕಾದುದು. ಮುಂದಿನ ದೊಡ್ಡ ದವಾಖಾನೆಯವರು ಕೊಡುವರೆಂದು ಬಿಟ್ಟುಕೊಟ್ಟರೆ ಆ ಗಂಟೆಯು ದಾರಿಯಲ್ಲಿಯೇ ಕಳೆದುಹೋಗುತ್ತದೆ.

ಶುದ್ಧಿಕ್ರಿಯೆಯ ಹೊತ್ತಿನ ವಿಚಾರವಾಗಿ ಒಂದು ಮಾತು ಹೇಳತಕ್ಕುದುಂಟು. ಆರು ಗಂಟೆಗಳೊಳಗೆ ಗಾಯವನ್ನು ಶಸ್ತ್ರದಿಂದ ಶುದ್ಧಿಮಾಡಲೇಬೇಕೆಂಬ ನಿಯಮವು ಬಹುಕಾಲ ಬೋಧಿಸಲ್ಪಟ್ಟಿತು. ಅದರ ಮೂಲವನ್ನು ೧೮೯೮ರಲ್ಲಿ ಜರ್ಮನಿಯ ಫ್ರೀಡ್ರಿಕ್ ಎಂಬವನು ಗಿನಿಪಿಗ್ ಪ್ರಾಣಿಗಳ ಗಾಯದಲ್ಲಿ ತೋಟದ ಮಣ್ಣನ್ನೂ ಮೆಟ್ಟಿಲ ಧೂಳನ್ನೂ ತುಂಬಿ ನಡೆಸಿದ ಪ್ರಯೋಗಗಳಲ್ಲಿ ಕಾಣುವರು. ಆಗ ಆಂಟಿಬಯಾಟಿಕ್ಕುಗಳು ಇರಲೇ ಇಲ್ಲ. ಔಷಧವನ್ನು ಬೇಗ ಕೊಟ್ಟಲ್ಲಿ ಸಾಮಾನ್ಯ ಗಾಯಗಳಿಗೆ ಆರು ಗಂಟೆಗಳ ಗಡುವು ಬಲವಾದ ಆಧಾರವುಳ್ಳದ್ದಲ್ಲವೆಂದು ಈಗ ತಿಳಿದಿದೆ. ಆಯಾಸಗೊಂಡ ವೈದ್ಯನು ನಡುರಾತ್ರಿಯಲ್ಲಿ ಅವಸರದಿಂದ ಮಾಡುವುದಕ್ಕಿಂತ, ನುರಿತವರು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಾಡುವುದು ಲೇಸು. ಬಲವಾದ ಪೆಟ್ಟಿನ ಭಂಗಕ್ಕೆ ಬ್ರಿಟಿಷ್ ನಿಯಮಾವಳಿಯು ಹನ್ನೆರಡು ಗಂಟೆಗಳನ್ನು ಹೇಳುತ್ತದೆ. ಆದರೆ ಹೊಲದ ಮಣ್ಣು, ಚರಂಡಿಯ ನೀರು ಸೇರಿದ ಗಾಯ ಹಾಗೂ ರಕ್ತಪ್ರವಾಹ ನಿಂತ ಕಾಲು ಇವಕ್ಕೆ ಈ ಸಡಲಿಕೆಯಿಲ್ಲ. ಅವನ್ನು ಕೂಡಲೆ ಶುದ್ಧಿಮಾಡತಕ್ಕದ್ದು. ಕಬ್ಬಿನ ಹೊಲದ ಗಾಯವು ಇಲ್ಲಿಯೂ ಅಪವಾದದ ಸಾಲಿನಲ್ಲಿಯೇ ಬೀಳುತ್ತದೆ.

೫

ಇಷ್ಟನ್ನು ಒಂದು ಕಲ್ಪಿತ ನಿದರ್ಶನದಲ್ಲಿ ಇಟ್ಟು ನೋಡಬಹುದು. ಜನವರಿಯ ಒಂದು ರಾತ್ರಿ ಒಂಬತ್ತು ಗಂಟೆಗೆ ರಾಯಬಾಗದ ಸಮೀಪದ ಹೊಲದಲ್ಲಿ ಕಬ್ಬಿನ ಹೇರು ಬಿಗಿಯುತ್ತಿದ್ದ ಮೂವತ್ತನಾಲ್ಕು ವಯಸ್ಸಿನ ಕೂಲಿಕಾರನ ಎಡಗಾಲ ಮೇಲೆ ಡಬ್ಬಿಯ ಗಾಲಿ ಹಾಯಿತೆಂದು ಭಾವಿಸೋಣವಾಗಲಿ. ಒಂಬತ್ತು ಮೂವತ್ತೈದಕ್ಕೆ ಅವನನ್ನು ತಾಲೂಕು ದವಾಖಾನೆಗೆ ತರುವರು. ಮೊಣಕಾಲಿಗೂ ಹರಡಿಗೂ ನಡುವಣ ಭಾಗದಲ್ಲಿ, ಒಳಮಗ್ಗುಲಿಗೆ, ಎರಡು ಸೆಂಟಿಮೀಟರಿನ ಒಂದು ಗಾಯ, ಸುತ್ತಲೂ ರಾಡಿ, ಕಾಲು ಸೊಟ್ಟಗಾಗಿದೆ. ಅಳತೆಯೊಂದನ್ನೇ ನೋಡಿದರೆ ಇದು ಎರಡನೆಯ ವರ್ಗ. ಗಾಯವನ್ನು ತೊಳೆದು, ನಾಲ್ಕು ಹೊಲಿಗೆ ಹಾಕಿ, ಬೆಳಗಾದ ಮೇಲೆ ಕಳುಹಿದರಾಯಿತೆಂದು ತೋರುವುದು ಇಂಥ ಕಡೆಯಲ್ಲಿಯೇ. ಆ ಹೊಲಿಗೆಯಿಂದಾಗುವ ಅನರ್ಥವು ದೊಡ್ಡದು: ಗಾಳಿಯಿಲ್ಲದೆಡೆ ಬೆಳೆಯುವ ಜೀವಿಗಳಿಗೆ ಅವುಗಳಿಗೆ ಬೇಕಾದ ಮುಚ್ಚಿದ ಮನೆಯನ್ನು ಕಟ್ಟಿಕೊಟ್ಟಂತಾಗುವುದು.

ಸರಿಯಾದ ಕ್ರಮವು ಬೇರೆ. ಉಸಿರು, ರಕ್ತಸ್ರಾವ, ತಲೆ ಹೊಟ್ಟೆಗಳ ಪೆಟ್ಟು ಇವನ್ನು ಮೊದಲು ನೋಡಿಕೊಂಡು, ಪಾದದ ಮೇಲಣ ನಾಡಿಯನ್ನೂ ಬೆರಳುಗಳ ಸ್ಪರ್ಶಜ್ಞಾನವನ್ನೂ ಪರೀಕ್ಷಿಸಿ ಹೊತ್ತಿನ ಸಹಿತ ಬರೆದಿಡುವರು. ಕಣ್ಣಿಗೆ ಕಾಣುವ ಕಸವನ್ನು ಮಾತ್ರ ತೆಗೆದು, ಗಾಯದ ಒಂದು ಛಾಯಾಚಿತ್ರವನ್ನು ತೆಗೆದುಕೊಂಡು, ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಮುಚ್ಚಿಬಿಡುವರು. ಛಾಯಾಚಿತ್ರವಿದ್ದರೆ ಮುಂದೆ ಬಂದ ಒಬ್ಬೊಬ್ಬ ವೈದ್ಯನೂ ಕಟ್ಟನ್ನು ಬಿಚ್ಚಿ ನೋಡುವುದು ತಪ್ಪುತ್ತದೆ. ಅಲ್ಲಿ ಗಾಯದೊಳಗೆ ಬೆರಳನ್ನಾಗಲಿ ಸಲಾಕೆಯನ್ನಾಗಲಿ ಆಡಿಸತಕ್ಕದ್ದಲ್ಲ. ಬಳಿಕ ಕಾಲನ್ನು ನೇರಮಾಡಿ ಪಟ್ಟಿ ಕಟ್ಟಿ, ನಾಡಿಯನ್ನು ಮತ್ತೊಮ್ಮೆ ನೋಡುವರು. ಒಂಬತ್ತು ಐವತ್ತಕ್ಕೆ ಸೆಫಜೋಲಿನ್ ೨ ಗ್ರಾಂ, ಅರವತ್ತು ಕಿಲೋ ತೂಕದವನಾದ್ದರಿಂದ ಜೆಂಟಮೈಸಿನ್ ೩೦೦ ಮಿಲಿಗ್ರಾಂ, ಧನುರ್ವಾಯುವಿನ ಮದ್ದು ಇವು ಮುಗಿದಿರುವುವು. ಪೆಟ್ಟು ಬಿದ್ದು ಐವತ್ತು ನಿಮಿಷಗಳಾದುವು. ಚೀಟಿಯಲ್ಲಿ ಗಾಯದ ಅಳತೆಯ ಜೊತೆಗೆ ಹೊಲದ ಮಣ್ಣು, ಗಾಲಿಯ ಭಾರ, ಔಷಧ ಕೊಟ್ಟ ಹೊತ್ತು ಇವನ್ನು ಬರೆದು, ಮೂರನೆಯ ವರ್ಗವೆಂದು ತಿಳಿಸಿ, ಎಲುಬಿನ ವೈದ್ಯರೂ ಪ್ಲಾಸ್ಟಿಕ್ ವೈದ್ಯರೂ ಒಂದೇ ಕಡೆ ಇರುವ ದವಾಖಾನೆಗೆ ಮೊದಲೇ ಹೇಳಿ ಕಳುಹುವರು. ಪ್ಲಾಸ್ಟಿಕ್ ವೈದ್ಯರಿಲ್ಲದ ನಡುವಣ ಊರಿನಲ್ಲಿ ಒಮ್ಮೆ ಇಳಿಸಿ ಮತ್ತೆ ಏರಿಸುವುದರಿಂದ ದಿನಗಳೇ ನಷ್ಟವಾಗುವುವು.

ಹನ್ನೆರಡೂವರೆಗೆ ಅಲ್ಲಿ ಸೇರಿದವನನ್ನು ಎರಡು ಗಂಟೆಯೊಳಗೆ ಮೇಜಿನ ಮೇಲೆ ಮಲಗಿಸುವರು. ಗಾಯವನ್ನು ಮೇಲಕ್ಕೂ ಕೆಳಕ್ಕೂ ಹಿಗ್ಗಿಸಿದಾಗ, ರಂಧ್ರದಿಂದ ಎಂಟು ಸೆಂಟಿಮೀಟರು ಮೇಲೆ ಸ್ನಾಯುವಿನ ಸಂದಿನಲ್ಲಿ ಒಂದು ಹಿಡಿ ಮಣ್ಣೂ ರವದಿಯ ಚೂರೂ ಸಿಕ್ಕುವುವು. ಗಾಲಿಯು ಒತ್ತಿದಾಗ ಬಾಯಿ ತೆರೆದು ಮಣ್ಣನ್ನು ಹೀರಿಕೊಂಡ ಚರ್ಮವು ಗಾಲಿ ದಾಟಿದ ಮೇಲೆ ಮತ್ತೆ ಕೂಡಿಕೊಂಡಿದ್ದಿತು. ಪ್ರತಿ ಸ್ನಾಯುವಿನ ಬಣ್ಣ, ಗಟ್ಟಿತನ, ಚಿವುಟಿದರೆ ಕುಗ್ಗುವಿಕೆ, ಕೊಯ್ದರೆ ರಕ್ತ ಒಸರುವಿಕೆ ಈ ನಾಲ್ಕನ್ನೂ ನೋಡಿ ಸತ್ತುದನ್ನು ಕತ್ತರಿಸಿ ಹಾಕುವರು. ಮೀನಖಂಡದ ಒಳಪದರವಾದ ಸೋಲಿಯಸ್ ಸ್ನಾಯುವಿನ ಬಹುಭಾಗ ಕಪ್ಪಗಾಗಿದೆ. ಎಲುಬಿನ ಪೊರೆಯು ಆರು ಸೆಂಟಿಮೀಟರಿನಷ್ಟು ಸುಲಿದಿದೆ. ಮಾಂಸದ ಹಿಡಿತವಿಲ್ಲದ ಒಂದು ತುಂಡೆಲುಬನ್ನು ತೆಗೆದುಹಾಕಬೇಕಾಗಿದೆ. ಒಂಬತ್ತು ಲೀಟರಿನಷ್ಟು ಉಪ್ಪುನೀರನ್ನು ಮೆಲ್ಲನೆ ಹರಿಸಿ ತೊಳೆಯುವರು. ರಭಸದ ಧಾರೆಯಿಂದ ಹೆಚ್ಚಿನ ಲಾಭವಿಲ್ಲವೆಂದೂ, ಸಾಬೂನು ಬೆರೆಸಿದ ನೀರಿನಿಂದ ಮರುಶಸ್ತ್ರಕ್ರಿಯೆಗಳು ಹೆಚ್ಚುವುವೆಂದೂ ೨೦೧೫ರ ಒಂದು ದೊಡ್ಡ ಪ್ರಯೋಗವು ತೋರಿಸಿದೆ. ಈಗ ಬರೆಯುವ ವರ್ಗವು ಮೂರು-ಬಿ. ಬಾಗಿಲಲ್ಲಿ ಎರಡು ಸೆಂಟಿಮೀಟರಿನ ಗಾಯವಾಗಿ ಕಂಡುದು ಇದೇ. ಎಲುಬನ್ನು ಹೊರಗಿನ ಕಂಬಿಗಳ ಚೌಕಟ್ಟಿನಿಂದ ಹಿಡಿದು ನಿಲ್ಲಿಸಿ, ಗಾಯವನ್ನು ಹೊಲಿಯದೆ, ಗಾಳಿಯನ್ನು ಹೀರುವ ಮುಚ್ಚುಕಟ್ಟನ್ನು ಹಾಕಿ ಅಂದಿನ ಕೆಲಸವನ್ನು ಮುಗಿಸುವರು.

೬

ಹೊದಿಕೆಯನ್ನು ಅಂದೇ ಏಕೆ ಹಾಕಲಿಲ್ಲವೆಂದು ಕೇಳಬಹುದು. ಜಜ್ಜಿದ ಮಾಂಸವು ಎಲ್ಲಿಯವರೆಗೆ ಸಾಯುವುದೆಂಬುದು ಮೊದಲ ರಾತ್ರಿ ತಿಳಿಯುವುದಿಲ್ಲ. ಅಂದು ಕೆಂಪಗಿದ್ದುದು ಎರಡು ದಿನಗಳಲ್ಲಿ ಬೂದಿಬಣ್ಣಕ್ಕೆ ತಿರುಗಬಹುದು. ಮೇಲೆ ಹೊದಿಕೆ ಹಾಕಿದ್ದರೆ ಅದು ಕಾಣದೆಯೇ ಕೊಳೆಯುತ್ತದೆ. ಆದುದರಿಂದ ನಲವತ್ತೆಂಟು ಗಂಟೆಗಳ ಸುಮಾರಿಗೆ ಎರಡನೆಯ ಸಲ ತೆರೆದು ನೋಡಿ, ಉಳಿದ ಸತ್ತ ಮಾಂಸವನ್ನು ತೆಗೆಯುವರು. ಗಾಯವು ನಿಜವಾಗಿ ಶುದ್ಧವಾಯಿತೆಂದು ನಿಶ್ಚಯವಾದ ಮೇಲೆಯೇ ಮೂರನೆಯ ಹಂತವಾದ ಹೊದಿಕೆ. ಗಾಯ ಸ್ವಚ್ಛವಾಗಿ ಕೆಲಸಗಾರರು ಕೂಡಿದಲ್ಲಿ ಇದನ್ನು ಮೊದಲನೆಯ ದಿನವೇ ಮಾಡುವುದೂ ಉಂಟು. ಹೊಲದ ಗಾಯಕ್ಕೆ ಅದು ತಕ್ಕುದಲ್ಲ.

ಹಾಗೆಂದು ಕಾಯುತ್ತ ಕೂಡುವಂತೆಯೂ ಇಲ್ಲ. ಯುಗೋಸ್ಲಾವಿಯದ ಲ್ಯುಬ್ಲಿಯಾನ ನಗರದ ಮಾರ್ಕೋ ಗೊಡಿನ ಎಂಬ ಶಸ್ತ್ರವೈದ್ಯನ ೫೩೨ ರೋಗಿಗಳ ವೃತ್ತಾಂತವು ೧೯೮೬ರಲ್ಲಿ ಪ್ರಕಟವಾಯಿತು. ಎಪ್ಪತ್ತೆರಡು ಗಂಟೆಗಳೊಳಗೆ ಹೊದಿಕೆ ದೊರೆತವರಲ್ಲಿ ನೂರಕ್ಕೆ ೧.೫ ಮಂದಿಗೆ ಕೀವಾಯಿತು. ಅದಕ್ಕೂ ಮೂರು ತಿಂಗಳಿಗೂ ನಡುವೆ ಹೊದಿಸಿದವರಲ್ಲಿ ೧೭.೫ ಮಂದಿಗೆ. ಬಯಲಾದ ಎಲುಬು ದಿನದಿನಕ್ಕೆ ಒಣಗುತ್ತದೆ. ದವಾಖಾನೆಯ ಹಾಸಿಗೆ ಗಾಳಿಗಳಲ್ಲಿರುವ, ಔಷಧಕ್ಕೆ ಬಗ್ಗದ ಜೀವಿಗಳು ಆ ತೆರೆದ ಬಾಗಿಲಿನಿಂದ ಒಳಸೇರುವುವು. ತಡವಾಗಿ ಕಾಣುವ ಕೀವಿನಲ್ಲಿ ಸಿಕ್ಕುವುವು ಬಹುಮಟ್ಟಿಗೆ ಇವೇ ಹೊರತು ಮೊದಲ ರಾತ್ರಿಯ ಮಣ್ಣಿನ ಜೀವಿಗಳಲ್ಲ. ಸಾಧ್ಯವಾದರೆ ಎಪ್ಪತ್ತೆರಡು ಗಂಟೆ, ಹೆಚ್ಚೆಂದರೆ ಏಳು ದಿನ ಎಂಬುದು ಈಗಿನ ಮಿತಿ. ಗಾಳಿ ಹೀರುವ ಕಟ್ಟು ಈ ಮಿತಿಯನ್ನು ವಾರಗಳಿಗೆ ಹಿಗ್ಗಿಸುವುದೆಂದು ನಂಬಲಾಗದು. ಅದು ನಡುವಣ ದಿನಗಳ ಮುಚ್ಚಳ ಮಾತ್ರ.

ಹೊದಿಕೆಯ ಬಗೆಯನ್ನು ಗಾಯದ ಸ್ಥಾನವು ನಿರ್ಣಯಿಸುತ್ತದೆ. ತೊಡೆಯಿಂದ ತೆಳ್ಳಗೆ ಹೆರೆದ ಚರ್ಮವು ಜೀವಂತ ಮಾಂಸದ ಮೇಲೆ ಹತ್ತುವುದು. ಪೊರೆಯಿಲ್ಲದ ಬರಿಯ ಎಲುಬಿನ ಮೇಲೆ ಹತ್ತದು, ಕಲ್ಲಿನ ಮೇಲೆ ಬೀಜ ಹತ್ತದಂತೆ. ಅಲ್ಲಿಗೆ ತನ್ನದೇ ರಕ್ತನಾಳವನ್ನುಳ್ಳ ಜೀವಂತ ಪದರವೇ ಬೇಕು. ಇದನ್ನು ಫ್ಲಾಪ್ ಎನ್ನುವರು. ಜಂಘೆಯ ಮೇಲಣ ಮೂರನೆಯ ಒಂದು ಭಾಗಕ್ಕೆ ಮೀನಖಂಡದ ಹೊರಪದರದ ಸ್ನಾಯುವನ್ನು ತಿರುಗಿಸಿ ಹೊದಿಸಬಹುದು, ನಡುಭಾಗಕ್ಕೆ ಸೋಲಿಯಸ್ಸನ್ನು. ಕೆಳಭಾಗಕ್ಕೆ ಇವೆರಡೂ ಮುಟ್ಟುವುದಿಲ್ಲ. ಸಣ್ಣ ಗಾಯವಾದರೆ ಹತ್ತಿರದ ಚರ್ಮವನ್ನೇ ನಾಳಸಹಿತ ತಿರುಗಿಸುವರು. ದೊಡ್ಡದಾದರೆ ತೊಡೆಯಿಂದಲೋ ಬೆನ್ನಿನಿಂದಲೋ ಪದರವನ್ನು ಪೂರ್ತಿಯಾಗಿ ಬಿಡಿಸಿ ತಂದು, ಅದರ ನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಕಾಲಿನ ನಾಳಗಳಿಗೆ ಹೊಲಿಯುವರು. ಮೇಲಿನ ನಿದರ್ಶನದಲ್ಲಿ ಗಾಯವು ನಡುಭಾಗದ್ದು. ಆದರೆ ಅಲ್ಲಿಗೆ ಸಲ್ಲಬೇಕಾದ ಸೋಲಿಯಸ್ಸೇ ಗಾಲಿಯ ಕೆಳಗೆ ಸತ್ತಿದೆ. ಪುಸ್ತಕದ ನಕ್ಷೆಯನ್ನು ಹಿಡಿದು ಜಜ್ಜಿದ ಸ್ನಾಯುವನ್ನೇ ಹೊದಿಸಿದರೆ ಹೊದಿಕೆಯೇ ಕೊಳೆಯುವುದು. ಆದ್ದರಿಂದ ನಾಲ್ಕನೆಯ ದಿನ ತೊಡೆಯ ಹೊರಮಗ್ಗುಲಿನ ಪದರವನ್ನು ತಂದು ಹೊಲಿಯುವರು. ಅದೇ ಸರದಿಯಲ್ಲಿ ಹೊರಚೌಕಟ್ಟನ್ನು ತೆಗೆದು ಎಲುಬಿನ ಪೊಳ್ಳಿನಲ್ಲಿ ಸಲಾಕೆಯನ್ನು ಇಡುವರು. ಒಳಗೆ ಲೋಹವನ್ನಿಟ್ಟು ಮೇಲೆ ಹೊದಿಕೆಯಿಲ್ಲದೆ ಬಿಡತಕ್ಕದ್ದಲ್ಲವೆಂಬುದರಿಂದ ಈ ಎರಡು ಕೆಲಸಗಳೂ ಒಟ್ಟಿಗೆ ನಡೆಯುವುವು. ಆರಂಭದ ಔಷಧಗಳನ್ನು ಎಪ್ಪತ್ತೆರಡು ಗಂಟೆಗಳಿಗೆ ನಿಲ್ಲಿಸಿರುವರು. ಈ ಶಸ್ತ್ರಕ್ರಿಯೆಯ ಮುನ್ನ ಹೊಸದಾಗಿ ಒಂದು ಪ್ರಮಾಣ ಮಾತ್ರ. ವಾರಗಟ್ಟಲೆ ಔಷಧವನ್ನು ಮುಂದುವರಿಸುವುದು ಶುದ್ಧಿಯ ಕೊರತೆಯನ್ನು ತುಂಬದು. ಬಗ್ಗದ ಜೀವಿಗಳನ್ನು ಬೆಳೆಸುವುದು.

ಈ ದಿನಗಳಲ್ಲಿ ಕೆಡುಕಿನ ಚಿಹ್ನೆಗಳನ್ನು ಗುರುತಿಸಬೇಕು. ಪಟ್ಟಿ ಕಟ್ಟಿ ಔಷಧ ಕೊಟ್ಟರೂ ನೋವು ಏರುತ್ತ, ಬೆರಳುಗಳನ್ನು ಬೇರೊಬ್ಬರು ನೀಡಿದಾಗ ಮೀನಖಂಡದಲ್ಲಿ ತಡೆಯಲಾರದ ನೋವಾದರೆ, ಸ್ನಾಯುಕೋಶದೊಳಗೆ ಒತ್ತಡ ಏರಿದೆಯೆಂದು ತಿಳಿಯಬೇಕು. ಗಾಯವು ತೆರೆದಿದೆಯೆಂಬ ಮಾತ್ರಕ್ಕೆ ಈ ಒತ್ತಡವು ತಪ್ಪುವುದಿಲ್ಲ, ಪಾದದ ನಾಡಿ ಇರುವಾಗಲೂ ಅದು ಸ್ನಾಯುವನ್ನು ಕೊಲ್ಲಬಲ್ಲದು. ಒಂದೆರಡು ದಿನಗಳಲ್ಲಿ ಗಾಯಕ್ಕೆ ಮೀರಿದ ನೋವು, ವೇಗದ ನಾಡಿ, ತೆಳುವಾದ ಕಂದುನೀರು, ಚರ್ಮವನ್ನೊತ್ತಿದರೆ ಚರಚರ ಸದ್ದು ಇವು ಕಂಡರೆ ಗ್ಯಾಸ್ ಗ್ಯಾಂಗ್ರೀನ್ ಎಂದು ಶಂಕಿಸಿ ಕೂಡಲೆ ತೆರೆಯಬೇಕು. ತಿಂಗಳುಗಳ ಮೇಲೆ ಸಣ್ಣ ರಂಧ್ರವೊಂದರಿಂದ ಆಗಾಗ ಒಸರುವ ಕೀವು ಒಳಗೆ ಸತ್ತ ಎಲುಬು ಉಳಿದಿದೆಯೆಂಬುದರ ಗುರುತು. ಮೇಲೆ ಮುಲಾಮು ಹಚ್ಚಿದರೆ ಅದು ಹೋಗದು.

೭

ಎಲ್ಲ ಕಾಲನ್ನೂ ಉಳಿಸಲಾಗದು, ಉಳಿಸತಕ್ಕದ್ದೂ ಅಲ್ಲ. ಹಲವು ಶಸ್ತ್ರಕ್ರಿಯೆಗಳ ಬಳಿಕ ಕೊನೆಗೆ ಕತ್ತರಿಸಿದ ಕಾಲು ಕೂಲಿಕಾರನ ಹೊಲವನ್ನೂ ಮಾರಿಸಿರುತ್ತದೆ. ಈ ನಿರ್ಣಯಕ್ಕೆ ಗುಸ್ಟಿಲೋ ವರ್ಗವು ಸಾಲದೆಂದು, ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್ ಮತ್ತು ಸಂಗಡಿಗರು ೨೦೦೬ರಲ್ಲಿ ಬೇರೊಂದು ಲೆಕ್ಕವನ್ನು ಪ್ರಕಟಿಸಿದರು. ಚರ್ಮಕ್ಕೆ, ಎಲುಬಿಗೆ, ಸ್ನಾಯುನರಗಳಿಗೆ ಪ್ರತ್ಯೇಕವಾಗಿ ಒಂದರಿಂದ ಐದರವರೆಗೆ ಅಂಕಗಳನ್ನಿಟ್ಟು, ರೋಗಿಯ ಸ್ಥಿತಿಗತಿಗಳಿಗೆ ಎರಡೆರಡು ಅಂಕಗಳನ್ನು ಕೂಡಿಸುವರು. ಮೊತ್ತವು ಹದಿನಾಲ್ಕರೊಳಗಿದ್ದರೆ ಕಾಲನ್ನು ಉಳಿಸಲು ಯತ್ನಿಸಬಹುದು. ಹದಿನೇಳು ಮತ್ತು ಮೇಲಾದರೆ ಕತ್ತರಿಸುವುದೇ ಲೇಸು. ನಡುವಣದು ಅನುಭವಿಯ ವಿವೇಚನೆಗೆ ಬಿಟ್ಟುದು. ಆ ಎರಡೆರಡು ಅಂಕಗಳ ಪಟ್ಟಿಯಲ್ಲಿ ಹೊಲದ ಹಾಗೂ ಚರಂಡಿಯ ಹೊಲಸು ಒಂದು. ಪೆಟ್ಟಿಗೂ ಶುದ್ಧಿಕ್ರಿಯೆಗೂ ನಡುವೆ ಹನ್ನೆರಡು ಗಂಟೆ ಮೀರಿದುದು ಇನ್ನೊಂದು. ರಾಡಿ ಸೇರಿದ ಕಾಲನ್ನು ಬೆಳಗಿನವರೆಗೆ ತಾಲೂಕಿನಲ್ಲಿಯೇ ಇರಿಸಿಕೊಂಡರೆ ಈ ಎರಡೂ ಕೂಡಿ ನಾಲ್ಕು ಅಂಕಗಳು ಏರುವುವು. ಅವುಗಳಲ್ಲಿ ಮೊದಲಿನೆರಡು ಗಾಲಿಯಿಂದ ಬಂದುವು. ಹಿಂದಿನೆರಡು ಬಂದುದು ಎರಡು ಸೆಂಟಿಮೀಟ‌ರಿನ ಅಳತೆಯನ್ನು ನಂಬಿದುದರಿಂದ.